ಬಿದ್ದ ಗೋಡೆಯ ಮುಂದಿನ ಪ್ರಾರ್ಥನೆ, ಎದ್ದ ಗೋಡೆಯ ಮೇಲಿನ ಪ್ರಾರ್ಥನೆ

(ಬೆಳಗಾವಿಯಲ್ಲಿ ಮನೆ ಪ್ರಾರ್ಥನೆ ನಡೆಸುವ ಸಭಿಕರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೀವೆಲ್ಲ ವಾರಕ್ಕೊಮ್ಮೆಯಾದರೂ ಯಾರದೋ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿಸುವವರು. ಆದ್ದರಿಂದ ಪ್ರಾರ್ಥನೆ ಏಕೆ ಬೇಕು ಎಂದು ನಿಮಗೆ ಹೇಳುವ ಅಗತ್ಯವಿಲ್ಲ. ಇವತ್ತು ಮಾತಾಡಬೇಕಾದದ್ದು ಒಳಗಿನ ಒಂದು ವಿಷಯ. ನಮ್ಮ ಕೂಟಗಳಲ್ಲಿ ಒಬ್ಬರು ಕಣ್ಣು ಮುಚ್ಚಿ ಶುರುಮಾಡಿದರೆ ಹೀಗೆ ಕೇಳಿಸುತ್ತದೆ: "ತಂದೆಯೇ ನಿನಗೆ ಸ್ತೋತ್ರ, ನೀನು ದೊಡ್ಡವನು, ಮಗನ ಪರೀಕ್ಷೆ ನಿನ್ನ ಕೈಯಲ್ಲಿದೆ, ನಾವು ಪಾಪಿಗಳು, ನಿನಗೆ ಸ್ತೋತ್ರ, ಆಮೆನ್." ಇದರಲ್ಲಿ ಸ್ತುತಿ ಇದೆ, ಕೃತಜ್ಞತೆ ಇದೆ, ಪಾಪದ ಅರಿಕೆ ಇದೆ, ವಿಜ್ಞಾಪನೆಯೂ ಇದೆ. ಆದರೆ ಒಂದೂ ಪೂರ್ತಿಯಾಗಿಲ್ಲ. ದೇವರಿಗೆ ನಮ್ಮ ಮನಸ್ಸು ಗೊತ್ತು, ಅದರ ಚಿಂತೆ ಬೇಡ. ಪಕ್ಕದಲ್ಲಿ ಕೂತು ಆಮೆನ್ ಅಂದವರಿಗೆ ತಾವು ಯಾವುದಕ್ಕೆ ಆಮೆನ್ ಅಂದೆವು ಎಂದು ತಿಳಿಯುವುದಿಲ್ಲ. ಹೇಳಿದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಈ ನಾಲ್ಕೂ ಬೇರೆ ಬೇರೆ ನೆಲದ ಮೇಲೆ ನಿಲ್ಲುತ್ತವೆ. ದೇವರು ಎಂಥವನು ಎಂಬುದರ ಮೇಲೆ ಸ್ತುತಿ ನಿಲ್ಲುತ್ತದೆ. ಆಗಿಹೋದ ಒಂದು ಸಂಗತಿಯ ಮೇಲೆ ಕೃತಜ್ಞತೆ. ನಾವೇ ಮಾಡಿದ ಒಂದು ಕೆಲಸದ ಮೇಲೆ ಅರಿಕೆ. ಇನ್ನೂ ಆಗದೆ ಉಳಿದಿರುವುದರ ಮೇಲೆ ವಿಜ್ಞಾಪನೆ. ಹೀಗೆ ಹೇಳಿದರೆ ಸುಲಭವೆನಿಸುತ್ತದೆ, ಬಾಯಿಪಾಠವೂ ಆಗುತ್ತದೆ. ಆದರೆ ಪ್ರಾರ್ಥಿಸಲು ಕೂತಾಗ ಕೈಗೆ ಸಿಗುವುದಿಲ್ಲ. ಆದ್ದರಿಂದ ಒಬ್ಬನೇ ಮನುಷ್ಯನ ಪ್ರಾರ್ಥನೆಗಳ ಹಿಂದೆ ಹೋಗೋಣ. ಅವನು ನೆಹೆಮೀಯ.

ಕಾಲ ಕ್ರಿ.ಪೂ. 445ರ ಸುಮಾರು. ನೆಹೆಮೀಯ ಪಾರಸಿಯ ದೊರೆ ಅರ್ತಷಸ್ತನ ಪಾನದಾಯಕ. ದೊರೆಯ ಕೈಗೆ ದ್ರಾಕ್ಷಾರಸದ ಬಟ್ಟಲು ಕೊಡುವವನು, ಅಂದರೆ ದೊರೆ ತನ್ನ ಜೀವವನ್ನೇ ನಂಬಿ ಬಿಟ್ಟವನು. ಕಿಸ್ಲೇವ್ ಮಾಸದಲ್ಲಿ, ನಮ್ಮ ಕಡೆ ಕಬ್ಬು ಕಡಿಯುವ ಹೊತ್ತಿಗೆ ಬರುವ ತಿಂಗಳು ಅದು, ಅವನ ಸಹೋದರ ಹನಾನೀ ಯೆಹೂದದಿಂದ ಶೂಷನಿಗೆ ಬರುತ್ತಾನೆ. ಊರಿನ ಸುದ್ದಿ ಹೇಳುತ್ತಾನೆ: ಯೆರೂಸಲೇಮಿನ ಗೋಡೆ ಕೆಡವಿದ ಹಾಗೇ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ, ಜನ ಅವಮಾನದಲ್ಲಿದ್ದಾರೆ. ನೆಹೆಮೀಯ ಕೂತುಬಿಟ್ಟ, ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ಆ ಪ್ರಾರ್ಥನೆ ಅವನ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿದೆ, 5ರಿಂದ 11ನೆಯ ವಚನದವರೆಗೆ. ಏಳೇ ವಚನ. ಮನೆಗೆ ಹೋದ ಮೇಲೆ ಬೈಬಲ್ ತೆರೆದು ನಿಧಾನವಾಗಿ ಓದಿರಿ.

ಅವನ ಮೊದಲ ಮಾತು ಗೋಡೆಯ ಕುರಿತಲ್ಲ. ನೀನು ಪರಲೋಕದ ದೇವರು, ಮಹೋನ್ನತನು, ಭಯಂಕರನು, ನಿನ್ನನ್ನು ಪ್ರೀತಿಸುವವರಿಗೆ ಕೊಟ್ಟ ಮಾತನ್ನು ನೆರವೇರಿಸುವವನು ಎಂದು ಶುರುಮಾಡುತ್ತಾನೆ. ಇದು ಸ್ತುತಿ. ಈ ಮಾತು ಹೇಳುವಾಗ ಗೋಡೆ ಬಿದ್ದೇ ಇತ್ತು. ಅವನ ಬದುಕಿನಲ್ಲಿ ಅವತ್ತು ಹೊಸದಾಗಿ ಯಾವ ಒಳ್ಳೆಯದೂ ಆಗಿರಲಿಲ್ಲ, ಆದರೂ ಸ್ತುತಿ ಸಾಧ್ಯವಾಯಿತು. ಸ್ತುತಿಗೆ ನಮ್ಮ ಕಡೆಯಿಂದ ಯಾವ ಘಟನೆಯೂ ಬೇಕಿಲ್ಲ. ನೀವು ಹೇಳುವ ಒಂದು ಸಾಲು ಸ್ತುತಿ ಹೌದೋ ಅಲ್ಲವೋ ಎಂದು ನೋಡಬೇಕಾದರೆ, ಅದನ್ನು ಮಗಳ ಮದುವೆಯ ಬೆಳಿಗ್ಗೆಯೂ ತಂದೆಯನ್ನು ಮಣ್ಣು ಮಾಡಿ ಬಂದ ಸಂಜೆಯೂ ಒಂದಕ್ಷರ ಬದಲಿಸದೆ ಹೇಳಬಹುದೇ ಎಂದು ಕೇಳಿಕೊಳ್ಳಿ. ಉದಾಹರಣೆಗೆ:

"ಕರ್ತನೇ, ನೀನು ಮಾತು ತಪ್ಪುವವನಲ್ಲ. ಬಡವನ ಕೂಗೂ ದೊರೆಯ ಮಾತೂ ನಿನ್ನ ಮುಂದೆ ಒಂದೇ ತೂಕ. ನಾವು ಹುಟ್ಟುವ ಮೊದಲೂ ನೀನು ನೀನೇ, ನಾವು ಹೋದ ಮೇಲೂ ನೀನು ನೀನೇ."

ಇದನ್ನು ಎರಡೂ ದಿನ ಹೇಳಬಹುದು. "ನಮ್ಮ ಹೊಲಕ್ಕೆ ಮಳೆ ಕೊಟ್ಟೆ, ನೀನು ದೊಡ್ಡವನು" ಎಂಬುದನ್ನು ಹಾಗೆ ಹೇಳಲಾಗದು. ಅದು ಒಳ್ಳೆಯ ಪ್ರಾರ್ಥನೆಯೇ, ಆದರೆ ಅದು ಕೃತಜ್ಞತೆ. ಸ್ತುತಿ ಕೆಡುವ ಜಾಗವೂ ಇಲ್ಲೇ ಇದೆ. ಮುಂದೆ ಬೇಡಲಿಕ್ಕಿದೆ ಎಂದು ಮೊದಲು ಹೊಗಳುವುದು ಒಂದು ಚಟವಾಗಿಬಿಡುತ್ತದೆ. ಸಾಹೇಬರ ಮುಂದೆ ಅರ್ಜಿ ಇಡುವ ಮೊದಲು ಅವರ ದೊಡ್ಡತನ ಹಾಡುತ್ತೇವಲ್ಲ, ಆ ಧಾಟಿ ಪ್ರಾರ್ಥನೆಗೂ ಬರುತ್ತದೆ. ನೆಹೆಮೀಯನ ಸ್ತುತಿ ಹಾಗಿಲ್ಲ. ದೇವರು ಮಾತು ಉಳಿಸಿಕೊಳ್ಳುವವನು ಎಂದು ಅವನು ಮೊದಲೇ ಹೇಳಿಬಿಟ್ಟದ್ದರಿಂದ, ಮಾತು ಮುರಿದವರು ಯಾರು ಎಂಬ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಅವನು ನೇರವಾಗಿ ಅರಿಕೆಗೆ ಇಳಿಯುತ್ತಾನೆ.

ಈ ಅರಿಕೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಮನೆ ಪ್ರಾರ್ಥನೆಗಳಲ್ಲಿ ಹೆಚ್ಚು ಸೋತಿರುವುದು ಇದೇ ಎಂದು ನನ್ನ ಅನಿಸಿಕೆ.

ಇಸ್ರಾಯೇಲ್ಯರು ಪಾಪ ಮಾಡಿದರು ಎಂದು ಹೇಳಿ ಅವನು ಮುಗಿಸಬಹುದಿತ್ತು. ಗೋಡೆ ಬಿದ್ದು ನೂರು ವರ್ಷಕ್ಕೂ ಹೆಚ್ಚಾಗಿತ್ತು. ಯೆರೂಸಲೇಮ್ ಹಾಳಾದಾಗ ನೆಹೆಮೀಯ ಹುಟ್ಟಿರಲೂ ಇಲ್ಲ. ಆದರೂ ಅವನು "ನಾನೂ ನನ್ನ ತಂದೆಯ ಮನೆಯವರೂ ಪಾಪ ಮಾಡಿದ್ದೇವೆ" ಎನ್ನುತ್ತಾನೆ. ಓದುವಾಗ ಇದು ವಿನಯದ ಮಾತು, ಹಿರಿಯರ ಪರವಾಗಿ ಹೇಳಿದ್ದು ಎಂದು ನಾವು ದಾಟಿಬಿಡುತ್ತೇವೆ. ಹಾಗೆ ದಾಟದೆ ಐದನೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಗೋಡೆ ಕಟ್ಟುವ ಕೆಲಸ ನಡೆದಿದೆ, ನಡುವೆಯೇ ಬಡವರ ಕೂಗು ಏಳುತ್ತದೆ. ಬರ ಬಿದ್ದಿದೆ, ಹೊಲ, ದ್ರಾಕ್ಷಿತೋಟ, ಮನೆ ಒತ್ತೆ ಇಟ್ಟು ಕಾಳು ತಂದಿದ್ದಾರೆ, ದೊರೆಯ ಕಂದಾಯಕ್ಕೆ ಸಾಲ ಮಾಡಿದ್ದಾರೆ, ಮಕ್ಕಳನ್ನು ಜೀತಕ್ಕೆ ಬಿಡುವ ಸ್ಥಿತಿ ಬಂದಿದೆ. ಸಾಲ ಕೊಟ್ಟವರು ಪರದೇಶಿಗಳಲ್ಲ, ಅವರದೇ ಕುಲದ ಶ್ರೀಮಂತರು. ನೆಹೆಮೀಯ ಸಿಟ್ಟಾಗುತ್ತಾನೆ, ಸಭೆ ಕರೆಯುತ್ತಾನೆ, ಶ್ರೀಮಂತರನ್ನು ಗದರಿಸುತ್ತಾನೆ. ಅಷ್ಟಾದ ಮೇಲೆ ಹತ್ತನೆಯ ವಚನದಲ್ಲಿ ಒಂದು ಮಾತು ಬರುತ್ತದೆ. ನಾನೂ ನನ್ನ ಸಹೋದರರೂ ನನ್ನ ಸೇವಕರೂ ಅವರಿಗೆ ಹಣವನ್ನೂ ಕಾಳನ್ನೂ ಸಾಲ ಕೊಟ್ಟಿದ್ದೇವೆ, ಈ ಬಡ್ಡಿಯನ್ನು ಬಿಟ್ಟುಬಿಡೋಣ, ಎನ್ನುತ್ತಾನೆ.

"ನಾನೂ ನನ್ನ ತಂದೆಯ ಮನೆಯವರೂ" ಎಂದು ಶೂಷನಿನಲ್ಲಿ ಹೇಳಿದವನೇ ಯೆರೂಸಲೇಮಿನಲ್ಲಿ "ನಾನೂ ನನ್ನ ಸಹೋದರರೂ" ಎಂದು ಹೇಳುತ್ತಾನೆ. ಅರಿಕೆಯಲ್ಲಿ ತನ್ನನ್ನು ಹೊರಗಿಡದವನಿಗೆ, ಲೆಕ್ಕ ಕೇಳುವ ಸಭೆಯಲ್ಲೂ ತನ್ನನ್ನು ಹೊರಗಿಡದಿರಲು ಸಾಧ್ಯವಾಯಿತು. ನನಗೆ ಈ ಎರಡು ವಚನಗಳ ನಡುವಿನ ಎಳೆ ಬಹಳ ಬೆಲೆಯುಳ್ಳದ್ದು. ಮುಂದೆ ಅವನು ಮನ್ನಿಸಿ ಎಂದಷ್ಟೇ ಹೇಳಿ ಬಿಡಲಿಲ್ಲ. ಹೊಲ, ತೋಟ, ಮನೆ ಇವತ್ತೇ ಹಿಂದಕ್ಕೆ ಕೊಡಿರಿ, ಹಣ, ಕಾಳು, ದ್ರಾಕ್ಷಾರಸ, ಎಣ್ಣೆಯ ಮೇಲೆ ತೆಗೆದುಕೊಳ್ಳುತ್ತಿದ್ದ ನೂರಕ್ಕೊಂದರ ಪಾಲನ್ನೂ ಬಿಡಿರಿ ಎಂದ. ನೂರಕ್ಕೊಂದು ಎಂದರೆ ತಿಂಗಳ ಬಡ್ಡಿ ಎಂದು ಅನೇಕರು ಅರ್ಥ ಮಾಡುತ್ತಾರೆ. ನಮ್ಮ ಹಳ್ಳಿಗಳ ಕೈಸಾಲದ ಬಡ್ಡಿಗೆ ಹೋಲಿಸಿದರೆ ಅದು ಕಡಿಮೆಯೇ. ಆದರೂ ಅದನ್ನು ಬಿಡಬೇಕಾಯಿತು. ಯಾಕೆಂದರೆ ಮೋಶೆಯ ನಿಯಮದಲ್ಲಿ ತನ್ನ ಜನರ ಬಡವನಿಂದ ಬಡ್ಡಿ ತೆಗೆದುಕೊಳ್ಳಬಾರದೆಂದು ಬರೆದಿತ್ತು.

ಅರಿಕೆಗೆ ಒಂದು ಸಣ್ಣ ಉದಾಹರಣೆ: "ಕರ್ತನೇ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಎರಡು ದಿನದ ಪಗಾರ ಹಿಡಿದುಕೊಂಡೆ. ಅವಳು ಕೇಳಿದಾಗ ಲೆಕ್ಕ ಮರೆತೆ ಎಂದು ಸುಳ್ಳು ಹೇಳಿದೆ. ಇದು ಅವಳಿಗೂ ನಿನಗೂ ವಿರೋಧವಾಗಿ ಮಾಡಿದ ಪಾಪ. ಕ್ಷಮಿಸು. ನಾಳೆ ಕೊಟ್ಟುಬಿಡುತ್ತೇನೆ." ಇದರಲ್ಲಿ ಮಾಡಿದ ಕೆಲಸವಿದೆ, ಮಾಡಿದವನಿದ್ದಾನೆ, ನೋವುಂಡವಳಿದ್ದಾಳೆ, ತಿದ್ದುವ ದಾರಿಯೂ ಇದೆ. ಇದೇ ಪ್ರಾರ್ಥನೆಯ ನಡುವೆ "ಆದರೆ ಅವಳೂ ತಡವಾಗಿ ಬರುತ್ತಾಳೆ" ಎಂಬ ಸಾಲು ಸೇರಿದರೆ ಅದು ಅರಿಕೆಯಾಗಿ ಉಳಿಯದೆ ವಕಾಲತ್ತಾಗುತ್ತದೆ. "ನಾವೆಲ್ಲ ಪಾಪಿಗಳು ತಂದೆಯೇ" ಎಂಬಷ್ಟರಲ್ಲೇ ನಿಂತರೆ ಯಾರಿಗೂ ನೋವಾಗುವುದಿಲ್ಲ, ಯಾರ ಪಗಾರವೂ ಮರಳುವುದಿಲ್ಲ. ಇನ್ನೊಂದು ಕೆಡುಕು ಕೂಟದಲ್ಲಿ ಆಗುತ್ತದೆ: "ಈ ಮನೆಯಲ್ಲಿ ಕೆಲವರು ಕುಡಿತ ಬಿಟ್ಟಿಲ್ಲ ಕರ್ತನೇ, ಕ್ಷಮಿಸು" ಎಂದು ಮತ್ತೊಬ್ಬರ ಪಾಪ ಅರಿಕೆ ಮಾಡುವುದು. ಹೇಳಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಣ್ಣು ಮುಚ್ಚಿ ಕೂತ ಆ ಮನುಷ್ಯನಿಗೆ ಅದು ಎಲ್ಲರ ಮುಂದೆ ಬೈದ ಹಾಗೆ. ನಮ್ಮ ಈ ನೆಲಕ್ಕೆ ಅರಿಕೆಯ ಧಾಟಿ ಹೊಸದೇನಲ್ಲ. ಕೃಷ್ಣೆ ಮಲಪ್ರಭೆ ಕೂಡುವ ಸಂಗಮದ ಕಡೆಯಿಂದ ಬಂದ ವಚನಗಳಲ್ಲಿ ಹನ್ನೆರಡನೆಯ ಶತಮಾನದಲ್ಲೇ ಶರಣರು ತಮ್ಮ ಮನಸ್ಸಿನ ಚಂಚಲವನ್ನು ತಮ್ಮದೆಂದೇ ಹೇಳಿಕೊಂಡರು, ಪಕ್ಕದವನ ಮೇಲೆ ಹಾಕಲಿಲ್ಲ. ಅವರ ನಂಬಿಕೆಯ ದಾರಿ ಬೇರೆ, ಆ ಪ್ರಾಮಾಣಿಕತೆಯನ್ನು ಮಾತ್ರ ನಾವು ಅಕ್ಕಪಕ್ಕದಲ್ಲೇ ಕೇಳುತ್ತ ಬೆಳೆದಿದ್ದೇವೆ.

ಮತ್ತೆ ಮೊದಲ ಅಧ್ಯಾಯಕ್ಕೆ. ಅರಿಕೆಯ ನಂತರ ನೆಹೆಮೀಯ ಇನ್ನೂ ಬೇಡುವುದಿಲ್ಲ. ನೀವು ದ್ರೋಹ ಮಾಡಿದರೆ ಚದರಿಸುವೆನು, ತಿರುಗಿಕೊಂಡರೆ ಕೂಡಿಸುವೆನು ಎಂದು ಮೋಶೆಗೆ ಹೇಳಿದ್ದನ್ನು ನೆನಪಿಸಿಕೋ ಎನ್ನುತ್ತಾನೆ. ಬೇಡಿಕೆಗೆ ಆಧಾರ ತನ್ನ ಯೋಗ್ಯತೆಯಲ್ಲಿಲ್ಲ, ದೇವರ ಮಾತಿನಲ್ಲಿದೆ ಎಂದು ತೋರಿಸಿ, ಕಡೆಯ ವಚನದಲ್ಲಿ ಕೇಳುತ್ತಾನೆ: ಈ ಹೊತ್ತು ನಿನ್ನ ಸೇವಕನಿಗೆ ಕಾರ್ಯ ಕೈಗೂಡಿಸು, ಈ ಮನುಷ್ಯನ ಮುಂದೆ ದಯೆ ದೊರಕಿಸು.

ಈ ಮನುಷ್ಯ ಎಂದರೆ ಅರ್ತಷಸ್ತ ದೊರೆ. ಎಜ್ರನ ಪುಸ್ತಕದ ನಾಲ್ಕನೆಯ ಅಧ್ಯಾಯ ನೋಡಿದರೆ, ಯೆರೂಸಲೇಮ್ ಕಟ್ಟುವ ಕೆಲಸ ನಿಲ್ಲಿಸಿ ಎಂದು ಅಪ್ಪಣೆ ಹೊರಡಿಸಿದವನು ಅರ್ತಷಸ್ತನೇ. ಅಂದರೆ ನೆಹೆಮೀಯ ಬೇಡುತ್ತಿರುವುದು ಸುಮ್ಮನೆ ಒಳ್ಳೆಯದಾಗಲಿ ಎಂದಲ್ಲ. ತಾನು ದಿನವೂ ಬಟ್ಟಲು ಕೊಡುವ ಒಬ್ಬ ಮನುಷ್ಯ ತಾನೇ ಹೊರಡಿಸಿದ ಆಜ್ಞೆಯನ್ನು ಬದಲಿಸಬೇಕು ಎಂದು. ವಿಜ್ಞಾಪನೆ ಎಷ್ಟು ನಿರ್ದಿಷ್ಟವಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಕಿಸ್ಲೇವಿನಲ್ಲಿ ಸುದ್ದಿ ಬಂತು, ದೊರೆಯ ಮುಂದೆ ಮಾತಾಡುವ ಅವಕಾಶ ಸಿಕ್ಕದ್ದು ನೀಸಾನ್ ಮಾಸದಲ್ಲಿ, ನಮ್ಮ ಯುಗಾದಿಯ ಹೊತ್ತಿಗೆ. ನಡುವೆ ನಾಲ್ಕು ತಿಂಗಳು. ನಿನ್ನ ಮುಖ ಯಾಕೆ ಬಾಡಿದೆ ಎಂದು ದೊರೆ ಕೇಳಿದಾಗ, ಅವನು ಮನಸ್ಸಿನಲ್ಲೇ ಪರಲೋಕದ ದೇವರಿಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ಆಗ ಸ್ತುತಿಗೂ ಅರಿಕೆಗೂ ಸಮಯವಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ನಾಲ್ಕನ್ನೂ ಪ್ರತಿ ಪ್ರಾರ್ಥನೆಯಲ್ಲೂ ಸೇರಿಸಲೇಬೇಕು ಎನ್ನುವವರಿಗೆ ನಾನು ಈ ವಚನ ತೋರಿಸುತ್ತೇನೆ. ಆಮೇಲೆ ದೊರೆಯ ಹತ್ತಿರ ಕೇಳಿದ್ದೂ ಹಾಗೇ ಖಚಿತ: ಇಷ್ಟು ದಿನದ ರಜೆ, ನದಿಯಾಚೆಯ ಅಧಿಪತಿಗಳಿಗೆ ಪತ್ರ, ತೊಲೆಗಳಿಗೆ ಮರ ಕೊಡುವಂತೆ ಅರಸನ ವನಪಾಲಕ ಆಸಾಫನಿಗೆ ಒಂದು ಪತ್ರ. ನಾಲ್ಕು ತಿಂಗಳು ಬೇಡಿದವನಿಗೆ ತನಗೆ ಏನೇನು ಬೇಕು ಎಂಬುದು ಗೊತ್ತಾಗಿತ್ತು.

ನಮ್ಮ ಮನೆಗಳಲ್ಲಿ "ಎಲ್ಲರನ್ನೂ ಆಶೀರ್ವದಿಸು, ಎಲ್ಲ ಕೊರತೆ ನೀಗಿಸು" ಎಂದು ಬೇಡುವುದಕ್ಕೆ ಬದಲು ಹೀಗೆ ಬೇಡಬಹುದು: "ಕರ್ತನೇ, ಬುಧವಾರ ಬ್ಯಾಂಕಿನ ಸಾಹೇಬರ ಮುಂದೆ ಹೋಗುವುದಿದೆ. ಕಬ್ಬಿನ ಬಿಲ್ಲು ಬರುವವರೆಗೆ ಕಂತು ಮುಂದೂಡಲು ಅವರ ಮನಸ್ಸು ಒಪ್ಪಲಿ. ಒಪ್ಪದಿದ್ದರೆ ಮುಂದಿನ ದಾರಿ ತೋರಿಸು." ಬೇರೆಯವರಿಗಾಗಿ ಬೇಡುವುದೂ ವಿಜ್ಞಾಪನೆಯ ಒಳಗೇ ಬರುತ್ತದೆ. ಹೆಸರು ಬದಲಾಗುತ್ತದೆ, ನಿರ್ದಿಷ್ಟತೆ ಹಾಗೇ ಇರಬೇಕು.

ಇಲ್ಲಿ ಒಂದು ಪ್ರಶ್ನೆ ನಿಮಗೆ ಬಂದಿರಬಹುದು. ಈ ಏಳು ವಚನಗಳಲ್ಲಿ ಕೃತಜ್ಞತೆ ಎಲ್ಲಿ? ಹತ್ತನೆಯ ವಚನದಲ್ಲಿ ನೀನು ಬಿಡಿಸಿದ ಜನ ಇವರು ಎಂಬ ನೆನಪಿದೆ, ಆದರೆ ಸ್ತೋತ್ರದ ಮಾತಿಲ್ಲ. ಅದು ಬರುವುದು ಹನ್ನೆರಡನೆಯ ಅಧ್ಯಾಯದಲ್ಲಿ. ಗೋಡೆ 52 ದಿನಗಳಲ್ಲಿ ಮುಗಿಯಿತು ಎಂದು ಆರನೆಯ ಅಧ್ಯಾಯ ಹೇಳುತ್ತದೆ. ಪ್ರತಿಷ್ಠೆಯ ದಿನ ನೆಹೆಮೀಯ ಕೃತಜ್ಞತಾಸ್ತುತಿ ಹಾಡುವ ಎರಡು ದೊಡ್ಡ ಗುಂಪು ಮಾಡಿ ಗೋಡೆಯ ಮೇಲೆಯೇ ಹತ್ತಿಸಿದ. ಒಂದು ಗುಂಪು ಬಲಕ್ಕೆ ತಿಪ್ಪೆಬಾಗಿಲ ಕಡೆ, ಎಜ್ರನ ಮುಂದಾಳತ್ವದಲ್ಲಿ. ಇನ್ನೊಂದು ಎಡಕ್ಕೆ, ಅದರ ಹಿಂದೆ ನೆಹೆಮೀಯ. ಎರಡೂ ಗೋಡೆಯ ಮೇಲೆ ನಡೆದು ಬಂದು ದೇವಾಲಯದಲ್ಲಿ ಕೂಡಿಕೊಂಡವು. ಹೆಂಗಸರು, ಮಕ್ಕಳ ಹರ್ಷಧ್ವನಿ ದೂರದವರೆಗೆ ಕೇಳಿಸಿತು. ಇದೇ ಗೋಡೆಯನ್ನು ಕಟ್ಟುವಾಗ ಅಮ್ಮೋನಿಯನಾದ ತೋಬೀಯ, ಒಂದು ನರಿ ಹತ್ತಿದರೂ ಇವರ ಕಲ್ಲುಗೋಡೆ ಬೀಳುತ್ತದೆ ಎಂದು ಹಾಸ್ಯ ಮಾಡಿದ್ದ. ಈಗ ಅದರ ಮೇಲೆ ಎರಡು ಗುಂಪು ಜನ ಹಾಡುತ್ತ ನಡೆದರು. ಯಾವುದಕ್ಕಾಗಿ ಸ್ತೋತ್ರ ಹೇಳುತ್ತಿದ್ದರೋ ಅದರ ಮೇಲೆಯೇ ಅವರ ಪಾದಗಳಿದ್ದವು. ಕೃತಜ್ಞತೆ ಎಂದರೆ ನನಗೆ ಕಣ್ಣ ಮುಂದೆ ಬರುವುದು ಈ ನಡಿಗೆ.

ಆದ್ದರಿಂದ ಕೃತಜ್ಞತೆಗೆ ಊರು, ತಿಂಗಳು, ಮನುಷ್ಯರ ಹೆಸರು ಇರಲಿ. ಗೋಕಾಕ ಕಡೆಯ ಮನೆಯೊಂದರ ಸ್ತೋತ್ರ ಹೀಗಿರಬಹುದು: "ಕರ್ತನೇ, 2019ರ ಆಗಸ್ಟಿನಲ್ಲಿ ಹೊಳೆಯ ನೀರು ಮನೆಯೊಳಗೆ ಬಂದಾಗ ನಮ್ಮನ್ನು ಎತ್ತರದ ಜಾಗಕ್ಕೆ ಸೇರಿಸಿದ ಆ ಹುಡುಗರಿಗಾಗಿ ನಿನಗೆ ಸ್ತೋತ್ರ. ಅವ್ವನ ಗುಳಿಗೆಯ ಚೀಲ ನೆನೆಯದೆ ಉಳಿದದ್ದಕ್ಕೆ ಸ್ತೋತ್ರ." ಇದು ಕೆಡುವುದು ಹೇಗೆ ಎಂಬುದನ್ನು ಯೇಸುವೇ ಒಂದು ಸಾಮ್ಯದಲ್ಲಿ ತೋರಿಸಿದ್ದಾನೆ, ಲೂಕ 18ರಲ್ಲಿ. ಫರಿಸಾಯನ ಪ್ರಾರ್ಥನೆ ಸ್ತೋತ್ರದಿಂದಲೇ ಶುರುವಾಗುತ್ತದೆ: ನಾನು ಉಳಿದವರ ಹಾಗಿಲ್ಲ, ಈ ಸುಂಕದವನ ಹಾಗಿಲ್ಲ, ವಾರಕ್ಕೆರಡು ಸಲ ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ಮೊದಲ ಮಾತು ಬಿಟ್ಟರೆ ದೇವರು ಮಾಡಿದ ಒಂದು ಕೆಲಸವೂ ಅದರಲ್ಲಿಲ್ಲ, ಪ್ರತಿ ಸಾಲಿನಲ್ಲೂ ಮಾಡಿದವನು ಅವನೇ. ನಮ್ಮ ಸಾಕ್ಷಿ ಹೇಳುವ ಹೊತ್ತಿನಲ್ಲೂ ಇದನ್ನು ಗಮನಿಸಬಹುದು: ಹೇಳಿದ ವಾಕ್ಯಗಳಲ್ಲಿ ಕೆಲಸ ಮಾಡಿದವರು ಯಾರು ಎಂದು ನೋಡಿದರೆ ಸಾಕು.

ಮಾತು ಮುಗಿದ ಮೇಲೆ ಹಿರಿಯ ಅಕ್ಕಾರೊಬ್ಬರು ಎದ್ದು ಕೇಳಿದರು: "ಹಂಗಾದ್ರ ಆಗೂಕಿಂತ ಮೊದಲ ಸ್ತೋತ್ರ ಹೇಳಬಾರದೇನ್ರಿ? ಯೇಸುಸ್ವಾಮಿ ಲಾಜರನ ಗವಿ ಮುಂದ ಮೊದಲ ಹೇಳ್ಯಾನಲ್ರಿ?" ಒಳ್ಳೆಯ ಪ್ರಶ್ನೆ. ಯೋಹಾನ 11ರಲ್ಲಿ ಯೇಸು ಹೇಳಿದ್ದು, ತಂದೆಯೇ, ನೀನು ನನಗೆ ಕಿವಿಗೊಟ್ಟದ್ದಕ್ಕೆ ಸ್ತೋತ್ರ ಎಂದು. ಲಾಜರ ಇನ್ನೂ ಹೊರಗೆ ಬಂದಿರಲಿಲ್ಲ ನಿಜ, ಆದರೆ ತಂದೆ ಕಿವಿಗೊಟ್ಟದ್ದು ಆಗಿಹೋಗಿತ್ತು. ಪೌಲನು ಫಿಲಿಪ್ಪಿಯವರಿಗೆ ಕೃತಜ್ಞತೆಯ ಜೊತೆ ಬೇಡಿರಿ ಎಂದು ಬರೆದಾಗಲೂ ಹೀಗೆಯೇ ಅರ್ಥ ಮಾಡಬಹುದು: ಹಿಂದೆ ದೊರೆತದ್ದನ್ನು ನೆನೆದು ಇವತ್ತಿನದನ್ನು ಬೇಡುವುದು. ಆಪರೇಷನ್ ಇನ್ನೂ ಆಗದ ರೋಗಿಯ ಬಳಿ "ಗುಣವಾಯಿತು, ಸ್ತೋತ್ರ ಹೇಳಿ" ಎಂದು ಒತ್ತಾಯಿಸುವುದು ಬೇರೆ. ಅಲ್ಲಿ ಸ್ತೋತ್ರದ ವೇಷದಲ್ಲಿ ಇರುವುದು ಬೇಡಿಕೆ, ಬೇಡಿಕೆಯನ್ನು ಬೇಡಿಕೆಯಾಗಿಯೇ ಹೇಳಲು ಆ ರೋಗಿಗೆ ಅವಕಾಶ ಬೇಕು.

ಕೂಟದಲ್ಲಿ ಎಲ್ಲರ ಮುಂದೆ ಎಷ್ಟು ಅರಿಕೆ ಮಾಡಬೇಕು ಎಂದು ಒಬ್ಬ ತರುಣ ಕೇಳಿದ. ನೆಹೆಮೀಯ 9ರಲ್ಲಿ ಜನರೆಲ್ಲ ಕೂಡಿ ಅರಿಕೆ ಮಾಡಿದ ದಿನದ ವಿವರವಿದೆ: ದಿನದ ಕಾಲು ಭಾಗ ಧರ್ಮಶಾಸ್ತ್ರ ಓದಿದರು, ಇನ್ನೊಂದು ಕಾಲು ಭಾಗ ಅರಿಕೆಯಲ್ಲೂ ಆರಾಧನೆಯಲ್ಲೂ ಕಳೆದರು. ಮೊದಲು ಓದಿದ್ದರಿಂದ ಏನನ್ನು ಮೀರಿದ್ದೇವೆ ಎಂದು ತಿಳಿಯಿತು. ಹಾಗೆ ಎಲ್ಲರೂ ಪಾಲುಗಾರರಾದ ತಪ್ಪನ್ನು ಎಲ್ಲರೂ ಕೂಡಿ ಹೇಳಲಿ. ಮೂರನೆಯವರ ಮಾನಕ್ಕೆ ತಾಗುವುದನ್ನು ದೇವರ ಮುಂದೆ ಒಂಟಿಯಾಗಿ ಹೇಳಿ, ಆಮೇಲೆ ಆ ಮನುಷ್ಯರ ಹತ್ತಿರ ಹೋಗಿರಿ. ಕೂಟದಲ್ಲಿ ಬೇಡ.

ಕಡೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿಯದು. ವರ್ಷಗಟ್ಟಲೆ ಬೇಡಿಯೂ ಆಗದವರು ಏನು ಹೇಳಬೇಕು ಎಂದರು. ಅವರಿಗೆ 88ನೆಯ ಕೀರ್ತನೆಯನ್ನು ಓದಿ ತೋರಿಸಿದೆ. ನನ್ನನ್ನು ರಕ್ಷಿಸುವ ದೇವರೇ ಎಂದು ಅದು ಶುರುವಾಗುತ್ತದೆ, ಹಗಲಿರುಳು ಕೂಗುತ್ತದೆ, ಉತ್ತರ ಬಂದ ಸುದ್ದಿಯೇ ಇಲ್ಲದೆ ಕತ್ತಲೆಯ ಮಾತಿನಲ್ಲಿ ನಿಂತುಬಿಡುತ್ತದೆ. ಉಳಿದ ಅನೇಕ ಮೊರೆಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ, ಯಾರೂ ಅದಕ್ಕೆ ಒಂದು ಸ್ತೋತ್ರದ ಸಾಲು ಸೇರಿಸಿ ಸರಿಮಾಡಲೂ ಇಲ್ಲ. ಹಾಗಾಗಿ ನೀವು ಅಂಥ ಮನೆಗೆ ಹೋದಾಗ ಅವರ ಬಾಯಿಂದ ಸ್ತೋತ್ರ ಹೇಳಿಸಬೇಡಿರಿ. ಅವರ ಬೇಡಿಕೆ ಏನಿದೆಯೋ ಅದನ್ನೇ, ಹೆಸರು ಹಿಡಿದು, ಅವರ ಜೊತೆ ಕೂತು ಇನ್ನೊಮ್ಮೆ ಬೇಡಿರಿ.